ಡೆಸಿಗ್ನೇಶನ್ ಕೊಟ್ಟರೆ ಅವರ ಗಂಟೇನು ಹೋಗುತ್ತೆ?

ಸಂಬಳ ಇಷ್ಟೇ ಎಂದು ಎಚ್.ಆರ್. ಕೈಯೆತ್ತಿದಾಗ ಅನೇಕರು ಹೀಗೆ ಯೋಚಿಸುತ್ತಾರೆ: ‘ದುಡ್ಡು ಬೇಡ, ಡೆಸಿಗ್ನೇಶನ್ ಆದರೂ ದೊಡ್ಡದು ಕೊಡಲಿ, ಅದಕ್ಕೇನು ಖರ್ಚು?’

ಖರ್ಚಿದೆ. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಹುದ್ದೆಯ ಹಿಂದೆ ಒಂದು ಗ್ರೇಡ್ ಇರುತ್ತದೆ. ಸಂಬಳದ ಮಿತಿ, ಬೋನಸ್, ಮುಂದಿನ ಬಡ್ತಿ ಎಲ್ಲವೂ ಅದಕ್ಕೆ ತಳಕು ಹಾಕಿಕೊಂಡಿರುತ್ತವೆ. ಹೊಸಬರನ್ನು ಒಂದು ಮೆಟ್ಟಿಲು ಮೇಲೆ ಕೂರಿಸಿದರೆ, ಅದೇ ಮೆಟ್ಟಿಲಿಗಾಗಿ ವರ್ಷಗಟ್ಟಲೆ ಕಾದವರು ಮರುದಿನವೇ ಮ್ಯಾನೇಜರ್ ಮುಂದೆ ನಿಲ್ಲುತ್ತಾರೆ. ಆದರೆ ಎಷ್ಟೋ ಕಡೆ ಹುದ್ದೆಗೆ ಎರಡು ಹೆಸರು: ದಾಖಲೆಯಲ್ಲಿ ಗ್ರೇಡಿನದು, ವಿಸಿಟಿಂಗ್ ಕಾರ್ಡಿನಲ್ಲಿ ಬಿಸಿನೆಸ್ ಟೈಟಲ್. ಎರಡನೆಯದು ಸಡಿಲ. ಚೌಕಾಸಿಗೆ ಜಾಗ ಇರುವುದು ಅಲ್ಲಿ.

ಇನ್ನೊಂದು ನಂಬಿಕೆ ಇದಕ್ಕಿಂತ ದುಬಾರಿ: ಹೆಸರು ಬಂದರೆ ಕೆಲಸ ತಾನಾಗಿ ಹಿಂದೆ ಬರುತ್ತದೆ ಎಂಬುದು. ಬೆಂಗಳೂರಿನ ಟೆಸ್ಟಿಂಗ್ ಎಂಜಿನಿಯರ್ ಒಬ್ಬಳ ಉದಾಹರಣೆ ತೆಗೆದುಕೊಳ್ಳಿ. ಆಟೊಮೇಶನ್ ಪೂರ್ತಿ ನಿನ್ನದೇ ಎಂದು ಇಂಟರ್‌ವ್ಯೂನಲ್ಲಿ ಹೇಳಿದ್ದರು. ಲೆಟರಿನಲ್ಲಿ ಇದ್ದದ್ದು ‘ಸೀನಿಯರ್ ಟೆಸ್ಟ್ ಎಂಜಿನಿಯರ್’, ಜೊತೆಗೆ ‘ಕಂಪನಿ ವಹಿಸುವ ಇತರ ಕೆಲಸಗಳು’ ಎಂಬ ಸಾಲು. ಆ ಒಂದು ಸಾಲಿನಲ್ಲಿ ರಾತ್ರಿ ಪಾಳಿಯ ಸಪೋರ್ಟೂ ಅಡಗಬಹುದು.

ಅವಳು ಸೀದಾ ಎಚ್.ಆರ್.ಗೆ ಬರೆಯಲಿಲ್ಲ. ಟೈಟಲಿನ ಕಾಗದ ಎಚ್.ಆರ್. ಬಳಿ ಇದ್ದರೂ ಕೆಲಸದ ವ್ಯಾಪ್ತಿ ಮ್ಯಾನೇಜರ್ ಕೈಯಲ್ಲಿರುತ್ತದೆ. ಮೊದಲು ಅವರಿಗೆ ಫೋನ್ ಮಾಡಿ, ‘ಸರ್, ಮೊದಲ ಆರು ತಿಂಗಳು ನಾನು ಏನು ಮಾಡಿ ಮುಗಿಸಬೇಕು?’ ಎಂದು ಕೇಳಿದಳು. ಅವರ ಉತ್ತರವನ್ನೇ ಮೇಲ್‌ನಲ್ಲಿ ಬರೆದು, ಎಚ್.ಆರ್. ಅನ್ನೂ ಸೇರಿಸಿ ಕಳಿಸಿದಳು: ಆಟೊಮೇಶನ್ ಫ್ರೇಮ್‌ವರ್ಕಿನ ಹೊಣೆ ನನ್ನದು, ಇಬ್ಬರು ನನಗೆ ರಿಪೋರ್ಟ್ ಮಾಡುತ್ತಾರೆ, ರಾತ್ರಿ ಸಪೋರ್ಟ್ ಸರದಿಯಲ್ಲಿ ನಾನಿಲ್ಲ, ಈ ಕೆಲಸಕ್ಕೆ ‘ಟೆಸ್ಟ್ ಲೀಡ್’ ಎಂಬ ಟೈಟಲ್ ಹೊಂದುತ್ತದೆ. ಸಂಬಳದ ಮಾತೇ ಇಲ್ಲ. ಗ್ರೇಡ್ ಬದಲಾಗುವುದಿಲ್ಲ ಎಂದು ಉತ್ತರ ಬಂತು. ಟೈಟಲ್ ಸಿಕ್ಕಿತು, ಹೊಣೆಗಳು ಲೆಟರಿನ ಅನುಬಂಧಕ್ಕೆ ಸೇರಿದವು, ರಿಪೋರ್ಟ್ ಮಾಡುವವರು ಮಾತ್ರ ಇಬ್ಬರ ಬದಲು ಒಬ್ಬ.

ಇಷ್ಟು ಕೇಳಿದರೆ ಆಫರ್ ವಾಪಸ್ ಹೋಗುತ್ತದೆಯೆ? ಸಭ್ಯವಾಗಿ ಒಂದು ಸಲ ಕೇಳಿದ್ದಕ್ಕೆ ಹಾಗಾಗುವುದು ಅಪರೂಪ. ಸಹಿ ಹಾಕಿದ ಮೇಲೆ ಕೇಳಿದರೆ ಮಾತ್ರ ಕೇಳಿದ್ದಕ್ಕೆ ಬೆಲೆಯಿಲ್ಲ. ಅನುಬಂಧವೂ ಕಲ್ಲಿನ ಮೇಲೆ ಕೊರೆದದ್ದಲ್ಲ, ತಂಡ ಒಡೆದು ಕಟ್ಟಿದರೆ ಕೆಲಸ ಬದಲಾಗುತ್ತದೆ. ಆಗಲೂ ಅಪ್ರೈಸಲ್‌ನಲ್ಲಿ ‘ಇದಕ್ಕಾಗಿ ನನ್ನನ್ನು ತೆಗೆದುಕೊಂಡಿರಿ’ ಎಂದು ತೋರಿಸಲು ಒಂದು ಹಾಳೆ ಇರುತ್ತದೆ.

ಅವಳು ಕೊನೆಗೆ ಕೇಳಿದ ಪ್ರಶ್ನೆಯನ್ನು ಬಹಳಷ್ಟು ಜನ ಮರೆಯುತ್ತಾರೆ: ‘ಬಿಡುವಾಗ ರಿಲೀವಿಂಗ್ ಲೆಟರಿನಲ್ಲಿ ಯಾವ ಹೆಸರು ಬರುತ್ತದೆ?’ ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಸಾಮಾನ್ಯವಾಗಿ ನೋಡುವುದು ದಾಖಲೆಯ ಹೆಸರನ್ನು. ರೆಸ್ಯೂಮೆಯಲ್ಲಿ ‘ಲೀಡ್’, ಅಲ್ಲಿ ‘ಸೀನಿಯರ್ ಎಂಜಿನಿಯರ್’ ಎಂದಿದ್ದರೆ ವಿವರಣೆ ಕೊಡುವ ಪಾಡು ನಮ್ಮದು. ಎರಡೂ ಹೆಸರನ್ನು ನಮೂದಿಸುತ್ತೇವೆ ಎಂದು ಎಚ್.ಆರ್. ಮೇಲ್ ಕಳಿಸಿದ ಮೇಲೆಯೇ ಅವಳು ಸಹಿ ಹಾಕಿದ್ದು.