ಎಣ್ಣೆಯ ಬೆಣೆ ಭಾರ ಹೊರುವ ಬಗೆ

1880ರ ದಶಕದ ಆರಂಭ. ಇಂಗ್ಲೆಂಡಿನ ಎಂಜಿನಿಯರ್ ಬೀಚಮ್ ಟವರ್ ರೈಲಿನ ಅಚ್ಚಿಗೆ ಬಳಸುವಂಥ ಬೇರಿಂಗನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಅದರ ನೆತ್ತಿಯಲ್ಲೊಂದು ತೂತು ಕೊರೆದರು. ಅಚ್ಚು ತಿರುಗುತ್ತಿದ್ದಂತೆ ಎಣ್ಣೆ ಕೆಳಗಿಳಿಯಲಿಲ್ಲ, ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಅದನ್ನೂ ಹೊರಗೆ ತಳ್ಳಿತು. ಮಾಪಕ ಜೋಡಿಸಿದಾಗ ಒತ್ತಡ ಚದರ ಇಂಚಿಗೆ 200 ಪೌಂಡನ್ನೂ ಮೀರಿತ್ತು. ಪಂಪೇ ಇಲ್ಲದ ಕಡೆ ಇಷ್ಟು ಒತ್ತಡ ಹುಟ್ಟಿದ್ದು ಹೇಗೆ? 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದ ಮೂಲಕ ಉತ್ತರ ಕೊಟ್ಟರು.

ಅಚ್ಚಿಗಿಂತ ಚಪ್ಪಟೆ ಬೇರಿಂಗಿನಲ್ಲಿ ಇದನ್ನು ಅರಿಯುವುದು ಸುಲಭ. 100 ಮಿಲಿಮೀಟರ್ ಉದ್ದದ, ಅಲುಗಾಡದ ಪ್ಯಾಡ್ ಒಂದಿದೆ. ಅದರಡಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಲೋಹದ ಮೇಲ್ಮೈ ಓಡುತ್ತಿದೆ. ಎಣ್ಣೆ ಒಳಬರುವ ಕಡೆ ಅಂತರ 0.1 ಮಿಲಿಮೀಟರ್, ಅಂದರೆ ಸಾಧಾರಣ ಕಾಗದದ ದಪ್ಪ. ಹೊರಹೋಗುವ ಕಡೆ ಅದರ ಅರ್ಧ. ಬೆಣೆ ಎನ್ನುವುದು ಇಷ್ಟನ್ನೇ, ಕಣ್ಣಿಗೆ ಕಾಣದಷ್ಟು ಸಣ್ಣ ಓರೆ.

ಎಣ್ಣೆ ಓಡುವ ಲೋಹಕ್ಕೆ ಅಂಟಿಕೊಂಡು ಅದರ ವೇಗದಲ್ಲೇ ಸಾಗುತ್ತದೆ, ಪ್ಯಾಡಿಗೆ ಅಂಟಿದ್ದು ನಿಂತೇ ಇರುತ್ತದೆ. ಹಾಗಾಗಿ ಸರಾಸರಿ ವೇಗ ಅರ್ಧ. ಒಂದು ಮೀಟರ್ ಅಗಲಕ್ಕೆ ಲೆಕ್ಕ ಹಾಕಿದರೆ, ಈ ಎಳೆತವೊಂದೇ ಬಾಯಲ್ಲಿ ಸೆಕೆಂಡಿಗೆ ಅರ್ಧ ಲೀಟರ್ ಎಣ್ಣೆಯನ್ನು ಒಳಗೆ ತರಬೇಕು, ಕೊನೆಯಲ್ಲಿ ಕಾಲು ಲೀಟರನ್ನಷ್ಟೇ ಹೊರಗೆ ಒಯ್ಯಬೇಕು. ಎಣ್ಣೆ ಕುಗ್ಗುವುದಿಲ್ಲ, ಒಳಬಂದಷ್ಟೂ ಹೊರಹೋಗಲೇಬೇಕು. ಈ ಲೆಕ್ಕ ಸರಿಹೊಂದುವ ದಾರಿ ಒಂದೇ: ನಡುವೆ ಒತ್ತಡ ಏರುವುದು. ಆ ಒತ್ತಡ ಬಾಯಲ್ಲಿ ಒಳಬರುವ ಎಣ್ಣೆಯನ್ನು ತಡೆಯುತ್ತದೆ, ಕೊನೆಯಲ್ಲಿ ಹೊರಹೋಗುವುದನ್ನು ಮುಂದಕ್ಕೆ ದೂಡುತ್ತದೆ. ಎಲ್ಲೆಡೆ ಹರಿವು ಲೀಟರಿನ ಮೂರನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ.

ಒತ್ತಡ ಅತಿ ಹೆಚ್ಚಿರುವುದು ಪ್ಯಾಡಿನ ನಡುಮಧ್ಯದಲ್ಲಲ್ಲ, ಬಾಯಿಂದ ಮೂರನೇ ಎರಡು ಭಾಗ ದೂರದಲ್ಲಿ. ಸಾಧಾರಣ ಯಂತ್ರದ ಎಣ್ಣೆಯಾದರೆ ಅಲ್ಲಿ ವಾತಾವರಣದ ಸುಮಾರು 30 ಪಟ್ಟು ಒತ್ತಡವಿರುತ್ತದೆ. ಎರಡೂ ತುದಿಯ ಅಂತರ ಅರ್ಧಕ್ಕಿಳಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬ ಹಿಡಿಸುವುದು ಇದೇ: ಭಾರ ಹೆಚ್ಚಿದಂತೆ ಪದರ ತೆಳುವಾಗುತ್ತದೆ, ತೆಳುವಾದಂತೆ ಬಲ ಹೆಚ್ಚುತ್ತದೆ. ನಿಜವಾದ ಪ್ಯಾಡಿನಲ್ಲಿ ಎಣ್ಣೆ ಪಕ್ಕಗಳಿಂದಲೂ ಸೋರುವುದರಿಂದ ಒತ್ತಡ ಈ ಲೆಕ್ಕಕ್ಕಿಂತ ಕಡಿಮೆ.

ಓಟ ನಿಂತರೆ ಒತ್ತಡವೂ ಇಲ್ಲ. ಉಲ್ಟಾ ಓಡಿಸಿದರೆ ಎಣ್ಣೆ ಹಿಗ್ಗುವ ಸಂದಿಗೆ ನುಗ್ಗುತ್ತದೆ, ಆಗ ಪದರ ಭಾರ ಹೊರುವುದಿಲ್ಲ. ಹೊರಡುವ ಕ್ಷಣದಲ್ಲಿ ಲೋಹಕ್ಕೆ ಲೋಹ ತಾಗುತ್ತದೆ; ಅದಕ್ಕೇ ಪ್ಯಾಡಿಗೆ ಬ್ಯಾಬಿಟ್ ಎಂಬ ಮೆತ್ತನೆಯ ತವರದ ಮಿಶ್ರಲೋಹ ಬಳಿದಿರುತ್ತಾರೆ. ದೊಡ್ಡ ಜಲವಿದ್ಯುತ್ ಯಂತ್ರಗಳಲ್ಲಿ ಪಂಪಿನಿಂದ ಎಣ್ಣೆ ನುಗ್ಗಿಸಿ, ತಿರುಗುವ ಭಾಗವನ್ನು ಮೊದಲು ಎತ್ತಿ, ಆಮೇಲೆ ಓಡಿಸುವುದೂ ಉಂಟು.

ಓಡುವಾಗ ಬರುವ ಅಪಾಯ ಬಿಸಿಯದು. ಉಜ್ಜಾಟದಿಂದ ಕಾದ ಎಣ್ಣೆ ನೀರಾಗುತ್ತದೆ, ಪದರ ಇನ್ನಷ್ಟು ತೆಳುವಾಗುತ್ತದೆ, ಕೊನೆಗೆ ಬ್ಯಾಬಿಟ್ ಮೆತ್ತಗಾಗಿ ಬಳಿದುಹೋಗುತ್ತದೆ. ಎಣ್ಣೆ ಹೊರಹೋಗುವ ಅಂಚಿನ ಹತ್ತಿರವೇ ಬಿಸಿ ಹೆಚ್ಚು. ಆದ್ದರಿಂದ ತಾಪಮಾಪಕವನ್ನು ಬಾಯಿಂದ ಮುಕ್ಕಾಲು ಭಾಗ ದೂರದಲ್ಲಿ, ಬ್ಯಾಬಿಟ್ಟಿನ ಬೆನ್ನಿಗೇ ಹುದುಗಿಸುತ್ತಾರೆ.