ಟಿ.ವಿ. ಪೆಟ್ಟಿಗೆಯ ಮೇಲಿನ ‘2.1’: ಮಾರುವ ಮುನ್ನ ಅರಿಯಬೇಕಾದ ಲೆಕ್ಕ

ಗಂಗಾವತಿಯ ವರ್ತಕರೊಬ್ಬರು ಹಬ್ಬದ ಹೊತ್ತಿನಲ್ಲಿ 55 ಇಂಚಿನ 4ಕೆ ಟಿ.ವಿ.ಯೊಂದನ್ನು ಮಾರಿದರೆಂದು ಭಾವಿಸೋಣ. ಪೆಟ್ಟಿಗೆಯ ಮೇಲೆ ‘ಎಚ್‌ಡಿಎಂಐ 2.1’ ಎಂದು ಮುದ್ರಿತವಾಗಿದೆ. ಗ್ರಾಹಕರ ಮಗ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಗೇಮ್ ಯಂತ್ರವನ್ನು ಅದಕ್ಕೆ ಜೋಡಿಸುತ್ತಾನೆ. ಎಷ್ಟು ಪ್ರಯತ್ನಿಸಿದರೂ 4ಕೆ ಚಿತ್ರ 60 ಹರ್ಟ್ಸ್ ದಾಟುವುದಿಲ್ಲ. ಮರುದಿನ ಗ್ರಾಹಕರು ಬಿಲ್ಲಿನೊಡನೆ ಅಂಗಡಿಗೆ ಬರುತ್ತಾರೆ. ಪೆಟ್ಟಿಗೆಯ ಮೇಲಿನ ಬರಹ ಸುಳ್ಳಲ್ಲ. ಆದರೂ ಗ್ರಾಹಕರ ದೂರಿನಲ್ಲಿ ಹುರುಳಿದೆ. ಇದು ಹೇಗೆ?

ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಮೂಡಿಸುತ್ತದೆ ಎಂಬುದೇ ರಿಫ್ರೆಶ್ ರೇಟ್. ಇದರ ಅಳತೆ ಹರ್ಟ್ಸ್. 60 ಹರ್ಟ್ಸ್ ಪರದೆಯಲ್ಲಿ ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ, 120 ಹರ್ಟ್ಸ್ ಪರದೆಯಲ್ಲಿ ಪ್ರತಿ 8.3 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಾಗುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಷ್ಟೇ ಇರುತ್ತವೆ. ನಮ್ಮ ದೇಶದ ಟಿ.ವಿ. ಪ್ರಸಾರ 50ರ ಲೆಕ್ಕದಲ್ಲಿ ನಡೆಯುತ್ತದೆ. ಆದ್ದರಿಂದ ಧಾರಾವಾಹಿ, ಕ್ರಿಕೆಟ್ ಮಾತ್ರ ನೋಡುವ ಮನೆಗೆ ಈ ಪ್ರಶ್ನೆ ದೊಡ್ಡದಲ್ಲ. ಗೇಮ್ ಯಂತ್ರ ಅಥವಾ ಕಂಪ್ಯೂಟರ್ ಜೋಡಿಸುವವರಿಗೆ ಮಾತ್ರ ಇದು ಮುಖ್ಯ.

ಗೇಮ್ ಯಂತ್ರವು ಚಿತ್ರಗಳನ್ನು ಸಮಾನ ಅಂತರದಲ್ಲಿ ಸಿದ್ಧಪಡಿಸುವುದಿಲ್ಲ. ದೃಶ್ಯ ಜಟಿಲವಾದಾಗ ಒಂದು ಚಿತ್ರಕ್ಕೆ 20 ಮಿಲಿಸೆಕೆಂಡು ಹಿಡಿಯಿತೆನ್ನಿ. 60 ಹರ್ಟ್ಸ್‌ನ ಪರದೆ 16.7ಕ್ಕೇ ಸಿದ್ಧವಾಗಿ ನಿಂತಿರುತ್ತದೆ; ಹೊಸ ಚಿತ್ರ ಬಾರದ ಕಾರಣ ಹಳೆಯದನ್ನೇ ಮತ್ತೊಮ್ಮೆ ತೋರಿಸುತ್ತದೆ. ಆಗ ಚಲನೆ ತಡವರಿಸುತ್ತದೆ. ಕಾಯದೆ ನಡುವೆಯೇ ಚಿತ್ರ ಬದಲಿಸಿದರೆ ಪರದೆಯ ಮೇಲರ್ಧ ಒಂದು ಚಿತ್ರ, ಕೆಳಗರ್ಧ ಇನ್ನೊಂದು ಚಿತ್ರವಾಗಿ ಸೀಳಿದಂತೆ ಕಾಣುತ್ತದೆ. ವೇರಿಯಬಲ್ ರಿಫ್ರೆಶ್ ರೇಟ್, ಅಂದರೆ ವಿಆರ್‌ಆರ್, ಈ ದೋಷಕ್ಕೆ ಪರಿಹಾರ. ಇದರಲ್ಲಿ ಪರದೆಯೇ ಚಿತ್ರಕ್ಕಾಗಿ 20 ಮಿಲಿಸೆಕೆಂಡು ಕಾಯುತ್ತದೆ. ಆದರೆ ಇದಕ್ಕೂ ಮಿತಿಯುಂಟು: ಅನೇಕ ಟಿ.ವಿ.ಗಳಲ್ಲಿ ಇದು ಸುಮಾರು 48 ಹರ್ಟ್ಸ್‌ಗಿಂತ ಕೆಳಗೆ ನೇರವಾಗಿ ಕೆಲಸ ಮಾಡದು.

ಇನ್ನು ಕೇಬಲ್ಲಿನ ಲೆಕ್ಕ. 4ಕೆ ಪರದೆಯಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಚುಕ್ಕೆಗಳಿವೆ. ಸಾಮಾನ್ಯವಾಗಿ ಪ್ರತಿ ಚುಕ್ಕೆಗೆ 24 ಬಿಟ್ ಬೇಕು. ಚಿತ್ರಗಳ ನಡುವಿನ ವಿರಾಮವನ್ನೂ ಸೇರಿಸಿದರೆ 60 ಹರ್ಟ್ಸ್‌ಗೆ ಸೆಕೆಂಡಿಗೆ ಸುಮಾರು 14.3 ಗಿಗಾಬಿಟ್ ಆಗುತ್ತದೆ. 2013ರ ಎಚ್‌ಡಿಎಂಐ 2.0ರ ಸಾಮರ್ಥ್ಯ 18 ಗಿಗಾಬಿಟ್. ಸಂಕೇತೀಕರಣಕ್ಕೆ ಹೋಗುವ ಪಾಲನ್ನು ಕಳೆದರೆ ಉಳಿಯುವುದು 14.4, ಅಂದರೆ 60 ಹರ್ಟ್ಸ್‌ಗೆ ಸರಿಯಾಗಿ ಸಾಕು. 120 ಹರ್ಟ್ಸ್‌ಗೆ ಬೇಕಾದದ್ದು ಇದರ ಇಮ್ಮಡಿ, 28.5. ಆದ್ದರಿಂದ ಪೂರ್ಣ ಬಣ್ಣದ 4ಕೆ ಚಿತ್ರ 120 ಹರ್ಟ್ಸ್‌ನಲ್ಲಿ ಬರಬೇಕಾದರೆ 2017ರಲ್ಲಿ ಪ್ರಕಟವಾದ, 48 ಗಿಗಾಬಿಟ್‌ವರೆಗೆ ಸಾಗಿಸಬಲ್ಲ 2.1ರ ವೇಗವೇ ಬೇಕು. ವಿಆರ್‌ಆರ್ ಕೂಡ 2.1ರ ಭಾಗವೇ ಆದರೂ ಅದಕ್ಕೆ ಅಷ್ಟು ವೇಗ ಅನಿವಾರ್ಯವಲ್ಲ. 18 ಗಿಗಾಬಿಟ್‌ನ ಪೋರ್ಟಿನಲ್ಲಿಯೂ ಅದನ್ನು ಕೊಟ್ಟ ಟಿ.ವಿ.ಗಳಿವೆ.

ಗಂಗಾವತಿಯ ತೊಡಕಿನ ಮೂಲ ಇಲ್ಲಿದೆ. 2.1ರಲ್ಲಿ ಅಧಿಕ ವೇಗ, ವಿಆರ್‌ಆರ್ ಮುಂತಾದ ಸೌಲಭ್ಯಗಳೆಲ್ಲ ಐಚ್ಛಿಕ. ಅವುಗಳಲ್ಲಿ ಒಂದನ್ನಷ್ಟೇ ಕೊಟ್ಟ ಟಿ.ವಿ.ಯನ್ನೂ ‘2.1’ ಎಂದು ಕರೆಯಬಹುದು. ಯಾವುದನ್ನು ಕೊಟ್ಟಿದೆ ಎಂಬುದನ್ನು ತಯಾರಕರು ಸ್ಪಷ್ಟಪಡಿಸಬೇಕು. ಆದ್ದರಿಂದ ವರ್ತಕರು ಆವೃತ್ತಿಯ ಸಂಖ್ಯೆಗಿಂತ ವಿವರಣಾಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು: ಪರದೆಯ ಮೂಲ ರಿಫ್ರೆಶ್ ರೇಟ್ ಎಷ್ಟು, 120 ಹರ್ಟ್ಸ್ 4ಕೆಯಲ್ಲಿಯೇ ದೊರೆಯುವುದೋ ಕಡಿಮೆ ಸ್ಪಷ್ಟತೆಯಲ್ಲಿ ಮಾತ್ರವೋ, ಮತ್ತು ವಿಆರ್‌ಆರ್ ಇದೆಯೋ. ‘ಮೋಷನ್ ರೇಟ್’ ಮುಂತಾದ ಹೆಸರಿನ ದೊಡ್ಡ ಅಂಕಿಗಳನ್ನು ಮೂಲ ರಿಫ್ರೆಶ್ ರೇಟ್ ಎಂದು ತಿಳಿಯಬಾರದು.

ಟಿ.ವಿ. ಸಮರ್ಥವಾಗಿದ್ದೂ ಚಿತ್ರ 60ರಲ್ಲೇ ನಿಂತರೆ ಕಾರಣ ಬೇರೆಡೆ ಇರಬಹುದು. ಅನೇಕ ಟಿ.ವಿ.ಗಳಲ್ಲಿ ಒಂದೆರಡು ಪೋರ್ಟುಗಳಿಗೆ ಮಾತ್ರ ಅಧಿಕ ವೇಗವಿರುತ್ತದೆ. ಕೆಲವುಗಳಲ್ಲಿ ಅದನ್ನು ಮೆನುವಿನಲ್ಲಿ ಚಾಲೂ ಮಾಡಬೇಕು. ಕೇಬಲ್ ‘ಅಲ್ಟ್ರಾ ಹೈ ಸ್ಪೀಡ್’ ಎಂದು ಪ್ರಮಾಣಿತವಾಗಿದ್ದು, ಪೊಟ್ಟಣದ ಮೇಲೆ ಸ್ಕ್ಯಾನ್ ಮಾಡಬಹುದಾದ ಅಧಿಕೃತ ಚೀಟಿ ಇರಬೇಕು. ಎಕ್ಸ್‌ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ 4K TV details ಎಂಬ ಪುಟ ತೆರೆದರೆ ಟಿ.ವಿ. 4ಕೆಯಲ್ಲಿ 120 ಹರ್ಟ್ಸ್ ಸ್ವೀಕರಿಸುವುದೋ ಇಲ್ಲವೋ ಅಲ್ಲಿಯೇ ಕಾಣುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸರಕಿನ ಗುಣಮಟ್ಟವನ್ನು ಕುರಿತ ಸುಳ್ಳು ನಿರೂಪಣೆ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಪೆಟ್ಟಿಗೆಯ ಮೇಲಿನ ‘2.1’ ತಯಾರಕರ ಮಾತು. ‘ಇದರಲ್ಲಿ 4ಕೆ 120 ಖಂಡಿತ ಬರುತ್ತದೆ’ ಎಂಬುದು ವರ್ತಕರದೇ ಮಾತು. ಆದುದರಿಂದ ಕೊಪ್ಪಳವಿರಲಿ, ಕುಷ್ಟಗಿ, ಯಲಬುರ್ಗಾಗಳಿರಲಿ, ಗೇಮ್ ಯಂತ್ರಕ್ಕೆಂದು ಟಿ.ವಿ. ಕೇಳಿ ಬಂದವರಿಗೆ ಮಾದರಿಯ ಪೂರ್ಣ ಸಂಖ್ಯೆಯನ್ನೂ ಮೇಲಿನ ಮೂರು ಸಂಗತಿಗಳನ್ನೂ ಬಿಲ್ಲಿನಲ್ಲಿ ಬರೆದುಕೊಡುವುದು ಇಬ್ಬರಿಗೂ ಕ್ಷೇಮ.