ಕ್ರಿಪ್ಟೊ ಕೊಳ್ಳಲು ಹೋದಾಗ ಕಾರ್ಡ್ ಡಿಕ್ಲೈನ್: ತಡೆದದ್ದು ಬ್ಯಾಂಕೋ, ಎಕ್ಸ್‌ಚೇಂಜೋ?

"ಬಿಟ್‌ಕಾಯಿನ್ ಕೊಳ್ಳಲು ಹೋಗಿ ಕಾರ್ಡ್ ಡಿಕ್ಲೈನ್ ಆದರೆ ನಿಮ್ಮ ಖಾತೆ ಆರ್‌ಬಿಐ ಕಣ್ಣಿಗೆ ಬಿದ್ದಿದೆ ಎಂದರ್ಥ" ಎನ್ನುವ ಧಾಟಿಯ ಫಾರ್ವರ್ಡ್‌ಗಳು ಒಂದು ಕಡೆ. "ಅದು ಎಕ್ಸ್‌ಚೇಂಜ್ ಲಿಮಿಟ್ ಅಷ್ಟೇ, ನಮಗೆ ಸ್ವಲ್ಪ ಹಣ ಕಳಿಸಿ, ಲಿಮಿಟ್ ಏರಿಸಿಕೊಡುತ್ತೇವೆ" ಎನ್ನುವವು ಇನ್ನೊಂದು ಕಡೆ. ಮೊದಲನೆಯದು ಸುಮ್ಮನೆ ಹೆದರಿಸುತ್ತದೆ. ಎರಡನೆಯದು ಹಣ ಕೀಳುವ ದಾರಿ. ಡಿಕ್ಲೈನ್ ಮಾಡಿದ್ದು ಯಾರು ಎಂದು ಗೊತ್ತಾದರೆ ಇವೆರಡೂ ನಿಲ್ಲುವುದಿಲ್ಲ. ಅದನ್ನು ಪತ್ತೆ ಹಚ್ಚುವುದು ಹೇಗೆಂದು ನೋಡೋಣ.

ಮೊದಲು ಕಾನೂನಿನ ಮಾತು. 2018ರ ಏಪ್ರಿಲ್ 6ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆಮೇಲೂ ಕೆಲವು ಬ್ಯಾಂಕುಗಳು ಅದೇ ಹಳೆಯ ಸುತ್ತೋಲೆ ತೋರಿಸಿ ಗ್ರಾಹಕರನ್ನು ಎಚ್ಚರಿಸುತ್ತಿದ್ದವು. ಹಾಗಾಗಿ 2021ರ ಮೇ 31ರಂದು ಆರ್‌ಬಿಐಯೇ, ಆ ಸುತ್ತೋಲೆಯನ್ನು ಇನ್ನು ಉಲ್ಲೇಖಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಗ್ರಾಹಕರ ಗುರುತಿನ ಪರಿಶೀಲನೆ, ಅಕ್ರಮ ಹಣ ತಡೆ, ವಿದೇಶಕ್ಕೆ ಹಣ ಕಳಿಸುವ ನಿಯಮ, ಇವನ್ನೆಲ್ಲ ಬ್ಯಾಂಕುಗಳು ಪಾಲಿಸುತ್ತಲೇ ಇರಬಹುದು ಎಂದೂ ಅದರಲ್ಲೇ ಹೇಳಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೋರ್ಟ್ ತೆಗೆದುಹಾಕಿದ್ದು ಆರ್‌ಬಿಐನ ನಿಷೇಧವನ್ನು. ಪ್ರತಿಯೊಂದು ಬ್ಯಾಂಕೂ ಕ್ರಿಪ್ಟೊ ಪಾವತಿ ಬಿಡಲೇಬೇಕು ಎಂದು ಅದು ಆದೇಶಿಸಲಿಲ್ಲ. ಆದ್ದರಿಂದ "ನಮ್ಮ ಕಾರ್ಡಿನಲ್ಲಿ ಇದು ಬೇಡ" ಎಂದು ಒಂದು ಬ್ಯಾಂಕ್ ತಾನೇ ತೀರ್ಮಾನಿಸಬಹುದು, ಪಕ್ಕದ ಬ್ಯಾಂಕ್ ಬಿಡಲೂಬಹುದು. ಕೊಪ್ಪಳದ ಗೆಳೆಯನ ಕಾರ್ಡ್ ನಡೆದು ಯಲಬುರ್ಗಾದ ನಿಮ್ಮ ಕಾರ್ಡ್ ನಡೆಯದಿದ್ದರೆ ಊರಿನ ತಪ್ಪಲ್ಲ, ಬ್ಯಾಂಕ್ ಬೇರೆ ಅಷ್ಟೇ.

ಹಾಗಾದರೆ ನೀವು ಕ್ರಿಪ್ಟೊ ಕೊಳ್ಳುತ್ತಿದ್ದೀರಿ ಎಂದು ಬ್ಯಾಂಕಿಗೆ ಗೊತ್ತಾಗುವುದು ಹೇಗೆ? ಕಾರ್ಡ್ ತೆಗೆದುಕೊಳ್ಳುವ ಪ್ರತಿಯೊಬ್ಬ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ವರ್ಗ ಸಂಖ್ಯೆ ಇರುತ್ತದೆ. ಕಿರಾಣಿಗೆ ಒಂದು, ಪೆಟ್ರೋಲ್ ಬಂಕಿಗೆ ಇನ್ನೊಂದು. ಕ್ರಿಪ್ಟೊ ಮಾರುವವರು ಸಾಮಾನ್ಯವಾಗಿ 6051 ಎಂಬ ವರ್ಗದಲ್ಲಿ ಬರುತ್ತಾರೆ. ನೀವು ಪಾವತಿ ಒತ್ತಿದಾಗ ಮೊತ್ತದ ಜೊತೆ ಈ ಸಂಖ್ಯೆಯೂ ಬ್ಯಾಂಕಿನ ಕಂಪ್ಯೂಟರಿಗೆ ಹೋಗುತ್ತದೆ. ಆ ವರ್ಗವನ್ನು ಬ್ಯಾಂಕ್ ಮುಚ್ಚಿಟ್ಟಿದ್ದರೆ ಕೆಲವೇ ಸೆಕೆಂಡಿನಲ್ಲಿ "ಇಲ್ಲ" ಎಂಬ ಉತ್ತರ ಬರುತ್ತದೆ. ಯಾವ ಅಧಿಕಾರಿಯೂ ಕೂತು ನಿಮ್ಮ ಖಾತೆ ನೋಡಿರುವುದಿಲ್ಲ. ಖಾತೆಯಲ್ಲಿ ಲಕ್ಷ ಇದ್ದರೂ, ನೀವು ಕೇಳಿದ್ದು ಐನೂರೇ ಆದರೂ ಉತ್ತರ ಅದೇ.

ಎಕ್ಸ್‌ಚೇಂಜಿನ ಲಿಮಿಟ್ ಬೇರೆ ಜಾತಿಯದು. ಒಂದು ಸಲಕ್ಕೆ ಇಷ್ಟು, ದಿನಕ್ಕೆ ಇಷ್ಟು, ಕೆವೈಸಿ ಪೂರ್ತಿಯಾಗದವರಿಗೆ ಇಷ್ಟು ಎಂದು ಅದು ತಾನೇ ಹಾಕಿಕೊಂಡ ಗೆರೆ. ಇದನ್ನು ಅದು ತನ್ನ ಪುಟದಲ್ಲೇ, ಹೆಚ್ಚಾಗಿ ಮೊತ್ತ ಬರೆಯುವ ಜಾಗದಲ್ಲೇ ತೋರಿಸುತ್ತದೆ. ಗೆರೆ ದಾಟಿದರೆ ಪಾವತಿಯ ಬಟನ್ ಮುಂದಕ್ಕೇ ಹೋಗುವುದಿಲ್ಲ, ಬ್ಯಾಂಕಿಗೆ ಸುದ್ದಿಯೇ ತಲುಪುವುದಿಲ್ಲ.

ಇವೆರಡರ ನಡುವೆ ಜನ ಮರೆಯುವ ಮೂರನೆಯದೊಂದಿದೆ: ನಿಮ್ಮದೇ ಕಾರ್ಡಿನ ಸೆಟ್ಟಿಂಗ್. 2020ರಲ್ಲಿ ಜಾರಿಗೆ ಬಂದ ಆರ್‌ಬಿಐ ನಿಯಮದಂತೆ ಹೊಸ ಕಾರ್ಡಿನಲ್ಲಿ ಆನ್‌ಲೈನ್ ಬಳಕೆ ಮತ್ತು ವಿದೇಶಿ ಬಳಕೆ ಎರಡೂ ಬಂದ್ ಆಗಿರುತ್ತವೆ. ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಅವನ್ನು ಆನ್ ಮಾಡಿ, ದಿನದ ಮಿತಿ ಹಾಕಬೇಕು. ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ಹಣ ಹಾಕುವುದು ಹೆಚ್ಚಾಗಿ ಬ್ಯಾಂಕ್ ಟ್ರಾನ್ಸ್‌ಫರ್‌ನಿಂದ. ಕಾರ್ಡ್ ಕೇಳುವುದು ಬಹುಪಾಲು ವಿದೇಶಿ ತಾಣ, ಹಾಗಾಗಿ ವಿದೇಶಿ ಬಳಕೆಯ ಸ್ವಿಚ್ ಇಲ್ಲಿ ಮುಖ್ಯವಾಗುತ್ತದೆ.

ಗಂಗಾವತಿಯ ಒಬ್ಬ ಯುವಕ 25,000 ರೂಪಾಯಿಯ ಕ್ರಿಪ್ಟೊ ಕೊಳ್ಳಲು ಡೆಬಿಟ್ ಕಾರ್ಡ್ ಹಾಕಿದ ಎಂದುಕೊಳ್ಳಿ. ಎಕ್ಸ್‌ಚೇಂಜ್ ಪುಟದಲ್ಲಿ ದಿನದ ಲಿಮಿಟ್ 50,000 ಎಂದಿದೆ, ಒಟಿಪಿಯೂ ಬಂತು, ಹಾಕಿದ ಮೇಲೆ ಡಿಕ್ಲೈನ್. ಒಟಿಪಿ ಬಂದಿದೆ ಎಂದರೆ ವ್ಯವಹಾರ ಎಕ್ಸ್‌ಚೇಂಜ್ ದಾಟಿ ಬ್ಯಾಂಕಿನ ಬಾಗಿಲಿಗೆ ಹೋಗಿದೆ. ಅಲ್ಲಿಗೆ ಎಕ್ಸ್‌ಚೇಂಜ್ ಲಿಮಿಟ್ ಎಂಬ ಅನುಮಾನ ಮುಗಿಯಿತು. ಬ್ಯಾಂಕ್ ಆ್ಯಪ್ ತೆರೆದರೆ ಆನ್‌ಲೈನ್ ಮಿತಿ 20,000 ಇದೆ. ಅದನ್ನು 30,000 ಮಾಡಿ, ವಿದೇಶಿ ಬಳಕೆ ಆನ್ ಇದೆಯೇ ನೋಡಿಕೊಂಡು ಮತ್ತೆ ಪ್ರಯತ್ನಿಸಿದ. ಮತ್ತೂ ಡಿಕ್ಲೈನ್. ಮೊತ್ತವನ್ನು 1,000ಕ್ಕೆ ಇಳಿಸಿದರೂ ಅದೇ ಕಥೆ. ಆದರೆ ಅದೇ ಕಾರ್ಡಿನಿಂದ ಮೊಬೈಲ್ ರೀಚಾರ್ಜ್ ಸಲೀಸಾಗಿ ಆಯಿತು, ಬೇರೊಂದು ವಿದೇಶಿ ತಾಣದಲ್ಲಿ ಆ್ಯಪ್ ಖರೀದಿಯೂ ಆಯಿತು. ಕಾರ್ಡ್ ಸರಿ ಇದೆ, ಮಿತಿ ಸರಿ ಇದೆ, ಮೊತ್ತ ಚಿಕ್ಕದಾದರೂ ಉಪಯೋಗವಿಲ್ಲ ಎಂದರೆ ಬ್ಯಾಂಕ್ ಆ ವರ್ಗವನ್ನೋ ಆ ವ್ಯಾಪಾರಿಯನ್ನೋ ತಡೆದಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಖಚಿತವಾಗಬೇಕಿದ್ದರೆ ಕಾರ್ಡಿನ ಹಿಂದೆ ಇರುವ ನಂಬರಿಗೆ ಫೋನ್ ಮಾಡಿ "ಡಿಕ್ಲೈನ್ ಕೋಡ್ ಏನಿದೆ?" ಎಂದು ಕೇಳಿ. 51 ಎಂದರೆ ಹಣ ಸಾಲದು. 61 ಎಂದರೆ ಮೊತ್ತದ ಮಿತಿ ದಾಟಿದೆ. 57 ಎಂದರೆ ಈ ಕಾರ್ಡಿಗೆ ಈ ಬಗೆಯ ವ್ಯವಹಾರಕ್ಕೆ ಅನುಮತಿ ಇಲ್ಲ. 05 ಬಂದರೆ ಮಾತ್ರ ಕಿರಿಕಿರಿ. ಅದು ಕಾರಣ ಹೇಳದೆ "ಒಪ್ಪಲಿಲ್ಲ" ಎನ್ನುವ ಕೋಡ್. ಆಗ ಕ್ರಿಪ್ಟೊ ವರ್ಗಕ್ಕೆ ತಡೆ ಇದೆಯೇ ಎಂದು ನೇರವಾಗಿಯೇ ಕೇಳಬೇಕು. ಮೇಲಿಂದ ಮೇಲೆ ಹತ್ತು ಸಲ ಒತ್ತುವುದು ಬೇಡ, ವಂಚನೆಯ ಅನುಮಾನದಲ್ಲಿ ಕಾರ್ಡೇ ಲಾಕ್ ಆಗಬಹುದು.

ದೊಡ್ಡ ಕಂಪನಿಗೂ ಇದೇ ಗತಿಯಾದದ್ದುಂಟು. ಅಮೆರಿಕದ ಕಾಯಿನ್‌ಬೇಸ್ 2022ರ ಏಪ್ರಿಲ್ 7ರಂದು ಬೆಂಗಳೂರಿನ ಕಾರ್ಯಕ್ರಮದಲ್ಲಿ ಯುಪಿಐ ಮೂಲಕ ಕ್ರಿಪ್ಟೊ ಕೊಳ್ಳಬಹುದು ಎಂದು ಘೋಷಿಸಿತು. ಅದೇ ದಿನ ಯುಪಿಐ ನಡೆಸುವ ಎನ್‌ಪಿಸಿಐ, ಯುಪಿಐ ಬಳಸುವ ಯಾವ ಕ್ರಿಪ್ಟೊ ಎಕ್ಸ್‌ಚೇಂಜೂ ತನ್ನ ಗಮನದಲ್ಲಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಆ ಸೌಲಭ್ಯ ನಿಂತಿತು. ಆರ್‌ಬಿಐನ ಅನೌಪಚಾರಿಕ ಒತ್ತಡ ಇದಕ್ಕೆ ಕಾರಣ ಎಂದು ಮುಂದಿನ ತಿಂಗಳು ಕಂಪನಿಯ ಮುಖ್ಯಸ್ಥರು ಹೇಳಿದರು. ಎಕ್ಸ್‌ಚೇಂಜ್ ಮಾರಲು ಸಿದ್ಧವಿತ್ತು, ಗ್ರಾಹಕರು ಕೊಳ್ಳಲು ಸಿದ್ಧರಿದ್ದರು, ಮುಚ್ಚಿದ್ದು ಹಣ ಸಾಗುವ ದಾರಿ. ಎಕ್ಸ್‌ಚೇಂಜ್ ಲಿಮಿಟ್ ಎಷ್ಟು ಏರಿಸಿದರೂ ಆ ದಾರಿ ತೆರೆಯುತ್ತಿರಲಿಲ್ಲ.

"ಲಿಮಿಟ್ ಏರಿಸಿಕೊಡುತ್ತೇವೆ" ಎನ್ನುವ ಟೆಲಿಗ್ರಾಂ ಏಜೆಂಟರು ಸುಳ್ಳರೆಂದು ನಾವು ಹೇಳುವುದು ಇದೇ ಕಾರಣಕ್ಕೆ. ಬ್ಯಾಂಕಿನ ತಡೆಯನ್ನು ಹೊರಗಿನವರು ತೆಗೆಯಲಾರರು. ಎಕ್ಸ್‌ಚೇಂಜ್ ಲಿಮಿಟ್ ಏರುವುದು ಅದರ ಆ್ಯಪ್‌ನೊಳಗೆ ನೀವು ಕೆವೈಸಿ ಮುಗಿಸಿದಾಗ. "ನೇರ ನಮಗೆ ಹಣ ಹಾಕಿ, ಕಾಯಿನ್ ಕೊಡುತ್ತೇವೆ" ಎಂಬ ಅಪರಿಚಿತರ ವ್ಯವಹಾರ ಇನ್ನೂ ಅಪಾಯ. ಆ ಖಾತೆ ಯಾವುದೋ ಸೈಬರ್ ವಂಚನೆಯ ಕೊಂಡಿಯಾಗಿದ್ದರೆ ವಿಚಾರಣೆ ನಿಮ್ಮ ಖಾತೆಯವರೆಗೂ ಬಂದು ಅದು ಫ್ರೀಜ್ ಆಗಬಹುದು. ಈಗಾಗಲೇ ಹಣ ಕೊಟ್ಟು ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವೇ `cybercrime.gov.in` ನಲ್ಲಿ ದೂರು ಕೊಡಿ.

ಡಿಕ್ಲೈನ್ ಆದರೂ ಹಣ ಕಟ್ ಆಗಿದ್ದರೆ? ದೇಶದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಯಾದರೆ ಅದು ವ್ಯವಹಾರದ ದಿನದಿಂದ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ. ಇದು ಆರ್‌ಬಿಐನ 2019ರ ನಿಯಮ. ವಿದೇಶಿ ತಾಣದ ಪಾವತಿಗೆ ಈ ಗಡುವು ಅನ್ವಯಿಸುವುದಿಲ್ಲ. ಅಂಥದ್ದಾದರೆ ಬ್ಯಾಂಕಿನಲ್ಲಿ ಲಿಖಿತವಾಗಿ ತಕರಾರು ದಾಖಲಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಬೇಕು.